ನೆತ್ತಿಯ ಮೇಲಿನ ಬಿಸಿಲು ಹಳದಿ ಅಲ್ಲ

(ಬ್ಲೆಂಡರ್ ಕಲಿಯುತ್ತಿರುವ ಗೆಳೆಯರ ಮುಂದೆ ಒಂದು ಭಾನುವಾರ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಫ್ಯಾನ್ ಸ್ವಲ್ಪ ಜೋರು ಮಾಡಿ, ನಾವು ಮಾತಾಡೋದೇ ಬಿಸಿಲಿನ ಬಗ್ಗೆ.

ನನ್ನ ಊರು ರಾಯಚೂರಿನ ಹತ್ತಿರ ಒಂದು ಹಳ್ಳಿ. ಕೆಲವು ವರ್ಷದ ಹಿಂದೆ ಒಂದು ಪುಟ್ಟ ಅನಿಮೇಷನ್ ಮಾಡಲು ಹೊರಟೆ. ಮೇ ತಿಂಗಳ ಮಧ್ಯಾಹ್ನ, ಊರಾಚೆ ಒಂದು ಬಸ್ ತಂಗುದಾಣ, ಪಕ್ಕದಲ್ಲಿ ಬೇವಿನ ಮರ, ಮುಂದೆ ನೆಟ್ಟಗೆ ಹೋಗುವ ಡಾಂಬರು ರಸ್ತೆ. ಒಬ್ಬ ಮುದುಕ ಬಸ್ಸಿಗೆ ಕಾಯುತ್ತಾನೆ. ಅಷ್ಟೇ ಕಥೆ. ಬೇಸಿಗೆ ಅಂದರೆ ಹಳದಿ ಅಂತ ತಲೆಯಲ್ಲಿ ಕೂತಿತ್ತು. ಸೂರ್ಯನಿಗೆ ಕಿತ್ತಳೆ ಬಣ್ಣ ಕೊಟ್ಟೆ, ಕೊನೆಗೆ ಇಡೀ ಚಿತ್ರದ ಮೇಲೆ ಇನ್ನೊಂದು ಪದರ ಹಳದಿ ಬಳಿದೆ. ನನಗೇನೋ ಚೆನ್ನಾಗಿ ಕಂಡಿತು. ಊರಿಗೆ ಹೋದಾಗ ಸೋದರಮಾವನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ ಕೇಳಿದ್ದು ಒಂದೇ ಮಾತು: "ಇದು ಸಂಜೀ ಹೊತ್ತೇನಪಾ?"

ಮಧ್ಯಾಹ್ನ ಮಾವ, ಅಂದೆ. "ಮಧ್ಯಾಹ್ನ ಹಿಂಗ ಎಲ್ಲಿರ್ತದ? ಮಧ್ಯಾಹ್ನ ಬೆಳ್ಳಗಿರ್ತದ."

ಆ "ಬೆಳ್ಳಗೆ" ಅನ್ನೋ ಮಾತಿನ ಮೇಲೇ ಇವತ್ತಿನ ಉಪನ್ಯಾಸ. ಸೂರ್ಯ ಕೆಳಗಿದ್ದಾಗ ಬೆಳಕು ಗಾಳಿಯಲ್ಲಿ ತುಂಬಾ ದೂರ ಸಾಗಿ ಬರುತ್ತದೆ, ನೀಲಿ ಚದುರಿ ಹೋಗಿ ಹಳದಿ-ಕೆಂಪು ಉಳಿಯುತ್ತದೆ. ಹೊತ್ತು ನೆತ್ತಿಗೆ ಬಂದಾಗ ಆ ದಾರಿ ಎಲ್ಲಕ್ಕಿಂತ ಚಿಕ್ಕದು. ಬೆಳಕು ಹೆಚ್ಚುಕಡಿಮೆ ಬಿಳಿ. ಹಾಗಾದರೆ ನೋಡುವವನಿಗೆ ಸೆಕೆ ತಟ್ಟುವುದು ಯಾವುದರಿಂದ? ನೆರಳು ಎಲ್ಲಿ ಬೀಳುತ್ತದೆ, ದೂರದ್ದು ಎಷ್ಟು ಮಾಸುತ್ತದೆ, ನೆಲದ ಹತ್ತಿರ ಏನು ನಡುಗುತ್ತದೆ, ಈ ಮೂರರಿಂದ. ಅದೇ ತಂಗುದಾಣವನ್ನು ಮತ್ತೆ ಮಾಡಿದ್ದು ಹೇಗೆ ಅಂತ ಹೇಳುತ್ತೇನೆ.

ಮೊದಲು ಸೂರ್ಯನನ್ನು ಸರಿಯಾದ ಜಾಗದಲ್ಲಿ ಇಡೋಣ. ರಾಯಚೂರು ಇರೋದು 16 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ಚೂರು ಮೇಲೆ. ಮೇ ಮೊದಲ ವಾರದಲ್ಲಿ ಅಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಶೂನ್ಯ ನೆರಳಿನ ದಿನ ಅಂತ ಮಕ್ಕಳು ಕೋಲು ನೆಟ್ಟು ನೋಡುತ್ತಾರಲ್ಲ, ಅದೇ. ಆದರೆ ಗಡಿಯಾರದಲ್ಲಿ 12 ಹೊಡೆದಾಗ ಅಲ್ಲ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ರಾಯಚೂರು ಅದಕ್ಕಿಂತ ಐದು ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ಅಲ್ಲಿ ನಿಜವಾದ ನಡುಹಗಲು ಸುಮಾರು 12 ಗಂಟೆ 17 ನಿಮಿಷಕ್ಕೆ.

ಆ ಹೊತ್ತಿನಲ್ಲಿ ನಿಂತ ಮನುಷ್ಯನ ನೆರಳು ಅವನ ಪಾದದ ಸುತ್ತ ಒಂದು ಮಚ್ಚೆಯಷ್ಟೇ. ಒಂದು ಗಂಟೆಗೆ 1.7 ಮೀಟರ್ ಎತ್ತರದ ಮನುಷ್ಯನಿಗೆ ನೆರಳು 30 ಸೆಂಟಿಮೀಟರ್. ಎರಡು ಗಂಟೆಗೂ 80 ಸೆಂಟಿಮೀಟರ್ ದಾಟಲ್ಲ. ನಾಲ್ಕು ಗಂಟೆಗೆ ಮಾತ್ರ ಅವನಿಗಿಂತ ಉದ್ದ, 2.3 ಮೀಟರ್. ನನ್ನ ಹಳೇ ಚಿತ್ರದಲ್ಲಿ ಮುದುಕನ ನೆರಳು ರಸ್ತೆಯ ಆಚೆ ದಂಡೆ ಮುಟ್ಟಿತ್ತು. ಮಾವ ಸಂಜೆ ಅಂದದ್ದು ಬಣ್ಣ ನೋಡಿ ಮಾತ್ರ ಅಲ್ಲ ಅಂತ ಆಮೇಲೆ ಹೊಳೆಯಿತು.

ಕಲಾವಿದರಿಗೆ ಈ ಬೆಳಕು ಕಂಡರೆ ಆಗಲ್ಲ. ಫೋಟೋ ತೆಗೆಯುವವರು ಕ್ಯಾಮೆರಾ ಬ್ಯಾಗಿಗೆ ಹಾಕಿ ಮಲಗುವ ಹೊತ್ತು ಅದು. ಹುಬ್ಬಿನ ಕೆಳಗೆ ಕಣ್ಣು ಕಪ್ಪು ಗುಳಿ, ಮೂಗಿನ ನೆರಳು ತುಟಿಯ ಮೇಲೆ, ಗೋಡೆಯ ಮೇಲೆ ಬೆಳಕು ಸವರಿಕೊಂಡು ಹೋಗಿ ಗಾರೆಯ ಒಂದೊಂದು ಉಬ್ಬೂ ಎದ್ದು ಕಾಣುತ್ತದೆ. ನಮಗೆ ಬೇಕಿರೋದು ಅದೇ. ಸರಿ ಮಾಡಲು ಹೋಗಬೇಡಿ. ಮುದುಕನ ಮುಖಕ್ಕೆ ಪಕ್ಕದಿಂದ ಒಂದು ಲೈಟ್ ಇಟ್ಟು ಚೆಂದ ಮಾಡಿದಿರೋ, ಮಧ್ಯಾಹ್ನ ಅಲ್ಲೇ ಕೆಟ್ಟಿತು.

ನೆರಳಿನ ಅಂಚಿನ ಬಗ್ಗೆ ಒಂದು ಮಾತು. ಕಟು ಬಿಸಿಲು ಅಂತ ಕೆಲವರು ಸೂರ್ಯನ ಕೋನವನ್ನು ಸೊನ್ನೆ ಮಾಡುತ್ತಾರೆ. ಬೇಡ. ಸೂರ್ಯ ನಮಗೆ ಕಾಣೋದು ಸುಮಾರು ಅರ್ಧ ಡಿಗ್ರಿ ಅಗಲಕ್ಕೆ. ಬ್ಲೆಂಡರಿನ ಸೂರ್ಯನಲ್ಲಿ ಮೊದಲೇ ಇರುವ `0.526°` ಸರಿಯಾಗಿಯೇ ಇದೆ, ಮುಟ್ಟಬೇಡಿ. ಇದರ ಲೆಕ್ಕ ಸುಲಭ: ನೆರಳು ಬೀಳಿಸುವ ವಸ್ತು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ನೂರರಲ್ಲಿ ಒಂದು ಪಾಲಿನಷ್ಟು ಅಂಚು ಮಸುಕು. ಚಪ್ಪಲಿಯ ನೆರಳು ಬ್ಲೇಡಿನಂತೆ, ಎರಡೂವರೆ ಮೀಟರ್ ಮೇಲಿನ ಚಾವಣಿಯ ನೆರಳಿಗೆ ಎರಡು ಬೆರಳಗಲ ಮಸುಕು. ಬೇವಿನ ಮರದ ಕೆಳಗೆ ನೋಡಿದ್ದೀರಾ? ಎಲೆಗಳ ಸಂದು ಯಾವ ಆಕಾರದಲ್ಲಿದ್ದರೂ ನೆಲದ ಮೇಲೆ ಬೀಳುವ ಬಿಸಿಲಿನ ಚುಕ್ಕೆಗಳು ಗುಂಡಗೇ ಇರುತ್ತವೆ. ಅವೆಲ್ಲ ಸೂರ್ಯನ ಬಿಂಬಗಳು. ಆರು ಮೀಟರ್ ಎತ್ತರದ ಕೊಂಬೆ ಆದರೆ ಒಂದೊಂದೂ ಐದಾರು ಸೆಂಟಿಮೀಟರ್. ಕೋನ ಸೊನ್ನೆ ಮಾಡಿದರೆ ಈ ಗುಂಡು ಚುಕ್ಕೆಗಳ ಬದಲು ಚೂಪು ಚೂಪು ಚೂರುಗಳು ಬೀಳುತ್ತವೆ. ಯಾಕೆ ಅಂತ ಗೊತ್ತಾಗದಿದ್ದರೂ ನೋಡುವವನಿಗೆ ಏನೋ ಸುಳ್ಳು ಅನ್ನಿಸುತ್ತದೆ.

ಈಗ ತಂಗುದಾಣದ ಒಳಗೆ ಬನ್ನಿ. ನಾನು ಜಾಸ್ತಿ ಹೊತ್ತು ಒದ್ದಾಡಿದ್ದು ಇಲ್ಲೇ.

ಸೂರ್ಯ ನೆತ್ತಿಯ ಮೇಲಿದ್ದಾಗ ಚಾವಣಿಯ ಕೆಳಗಿನ ನೆರಳಿಗೆ ಬೆಳಕು ಎಲ್ಲಿಂದ ಬರುತ್ತದೆ? ಸ್ವಲ್ಪ ಆಕಾಶದಿಂದ. ಉಳಿದದ್ದು ಕೆಳಗಿನಿಂದ, ಬಿಸಿಲು ಬಿದ್ದ ನೆಲದಿಂದ ಪುಟಿದು ಬರುತ್ತದೆ. ಮುಂದಿನ ಸಲ ಮಧ್ಯಾಹ್ನ ಪಡಸಾಲೆಯಲ್ಲಿ ಕೂತಾಗ ತಲೆ ಎತ್ತಿ ನೋಡಿ. ಹೊರಗಡೆಗೆ ಹತ್ತಿರ ಇರುವ ಚಾವಣಿಯ ಭಾಗ ಬೆಳ್ಳಗೆ ಬೆಳಗುತ್ತಿರುತ್ತದೆ, ಒಳಗೆ ಹೋದಂತೆ ಕತ್ತಲು. ಕೂತವರ ಗದ್ದದ ಕೆಳಭಾಗಕ್ಕೂ ಬೆಳಕಿರುತ್ತದೆ. ನೆಲ ಕೆಂಪಾದರೆ ಆ ಬೆಳಕೂ ಕೆಂಪು, ಶಹಾಬಾದ್ ಕಲ್ಲು ಹಾಸಿದ್ದರೆ ಬೂದು.

ನನ್ನ ದೃಶ್ಯದಲ್ಲಿ ಚಾವಣಿ ಕರ್ರಗೆ ಗುಹೆಯ ಹಾಗಿತ್ತು. ಮೂರು ದಿನ ಸೆಟ್ಟಿಂಗ್ ತಿರುಗಿಸಿದೆ. ತಪ್ಪು ಇದ್ದದ್ದು ಮಣ್ಣಿನಲ್ಲಿ. ನಮ್ಮ ಕಡೆ ಎರೆ ಮಣ್ಣು ಅಲ್ವಾ, ಕಪ್ಪು ಅಂತ ಕಪ್ಪು ಬಣ್ಣ ಕೊಟ್ಟಿದ್ದೆ. ಆ ಬಣ್ಣ ಆರಿಸಿದ ಫೋಟೋ ಮಳೆಗಾಲದ್ದು, ಹಸಿ ಎರೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟ ಎರೆ ಕಪ್ಪಲ್ಲ, ಬೂದಿ ಬಣ್ಣ. ರಸ್ತೆಯಂಚಿನ ಮಣ್ಣಂತೂ ಟ್ರ್ಯಾಕ್ಟರ್ ಓಡಾಡಿ ಹಿಟ್ಟಾಗಿ ಇನ್ನೂ ತಿಳಿ. ಮಣ್ಣಿನ ಬಣ್ಣ ತಿಳಿಗೊಳಿಸಿದ ಕೂಡಲೇ ಚಾವಣಿ ಬೆಳಗಿತು. ಡಾಂಬರೂ ಅಷ್ಟೇ. ಹಳೇ ಡಾಂಬರು ರಸ್ತೆ ಮೇ ತಿಂಗಳಲ್ಲಿ ಕಪ್ಪಗಿರಲ್ಲ, ಧೂಳು ಕೂತು ನಡುಬೂದು ಆಗಿರುತ್ತದೆ.

ಬಿಸಿಲು-ನೆರಳಿನ ಅಳತೆ ಸರಿ ಇದೆಯಾ ಅಂತ ನೋಡಲು ಒಂದು ಉಪಾಯ ಇದೆ. ಒಂದೇ ಬೂದು ಬಣ್ಣದ ಎರಡು ಚಿಕ್ಕ ಹಲಗೆ ಮಾಡಿ. ಒಂದನ್ನು ಬಿಸಿಲಲ್ಲಿ, ಇನ್ನೊಂದನ್ನು ಮರದ ನೆರಳಲ್ಲಿ, ಎರಡನ್ನೂ ನೆಲಕ್ಕೆ ಅಂಗಾತ ಇಡಿ. ರೆಂಡರ್ ಆದ ಚಿತ್ರದ ಮೇಲೆ ಬಲ ಗುಂಡಿ ಒತ್ತಿ ಹಿಡಿದರೆ ಕೆಳಗೆ ಪಿಕ್ಸೆಲ್ಲಿನ ಬೆಲೆ ಕಾಣುತ್ತದೆ. ನಮ್ಮೂರಲ್ಲಿ ಧೂಳಿದ್ದ ಮಧ್ಯಾಹ್ನ ಲೈಟ್ ಮೀಟರ್ ಹಿಡಿದು ನೋಡಿದಾಗ ನನಗೆ ಸಿಕ್ಕಿದ ವ್ಯತ್ಯಾಸ ಎರಡೂವರೆ ಸ್ಟಾಪ್. ಅಂದರೆ ಬಿಸಿಲು ನೆರಳಿನ ಸುಮಾರು ಆರು ಪಟ್ಟು. ನನ್ನ ಮೊದಲ ರೆಂಡರಿನಲ್ಲಿ ಮೂವತ್ತು ಪಟ್ಟು ಬಂದಿತ್ತು. ಅದು ಚಂದ್ರನ ಮೇಲಿನ ಬಿಸಿಲು, ರಾಯಚೂರಿನದಲ್ಲ. ಮಳೆ ಬಿದ್ದು ತೊಳೆದ ಆಕಾಶದಲ್ಲಿ ಈ ವ್ಯತ್ಯಾಸ ಜಾಸ್ತಿ ಆಗುತ್ತದೆ, ಧೂಳಿದ್ದಾಗ ಕಡಿಮೆ. ಧೂಳು ಸೂರ್ಯನಿಂದ ಒಂದಿಷ್ಟು ಕಿತ್ತುಕೊಂಡು ಇಡೀ ಆಕಾಶಕ್ಕೆ ಹಂಚುತ್ತದೆ. ಆದ್ದರಿಂದ ಅನುಪಾತ ಹೆಚ್ಚಿದ್ದರೆ ಸೂರ್ಯನನ್ನು ಕುಗ್ಗಿಸಿ ಆಕಾಶವನ್ನು ಹೆಚ್ಚಿಸಿ.

ಎಕ್ಸ್‌ಪೋಷರ್ ಯಾವುದಕ್ಕೆ ಹೊಂದಿಸಬೇಕು ಅನ್ನೋದು ಅವರವರ ರುಚಿ. ನಾನು ನೆರಳಲ್ಲಿ ಕೂತ ಮುದುಕನಿಗೆ ಹೊಂದಿಸಿ, ಹೊರಗಿನ ರಸ್ತೆ ಅರೆಬರೆ ಬಿಳಿಯಾಗಿ ಸುಟ್ಟುಹೋಗಲು ಬಿಟ್ಟೆ. ಒಳಗಿನಿಂದ ಹೊರಗೆ ನೋಡಿದಾಗ ನಮ್ಮ ಕಣ್ಣೂ ಹಾಗೇ ಕುಕ್ಕುತ್ತದೆ. ಬ್ಲೆಂಡರ್ 4.0ರಿಂದ ತಾನಾಗಿಯೇ ಇರುವ `AgX` ಈ ಕೆಲಸಕ್ಕೆ ಒಳ್ಳೆಯದು. ತುಂಬಾ ಬೆಳಕು ಬಿದ್ದ ಬಣ್ಣವನ್ನು ಅದು ಮೆಲ್ಲಗೆ ಬಿಳಿಯ ಕಡೆಗೆ ಒಯ್ಯುತ್ತದೆ. ಮಾವ ಹೇಳಿದ "ಬೆಳ್ಳಗೆ" ಅರ್ಧ ಸಿಕ್ಕಿದ್ದು ಇಲ್ಲಿ.

ಇನ್ನರ್ಧ ಧೂಳಿನಲ್ಲಿ.

ಮಲೆನಾಡಿನಲ್ಲಿ ದೂರದ ಬೆಟ್ಟ ನೀಲಿ. ಚಿತ್ರ ಬಿಡಿಸಲು ಕಲಿಸುವವರೆಲ್ಲ ದೂರ ಅಂದರೆ ನೀಲಿ ಅಂತಲೇ ಹೇಳಿಕೊಡುತ್ತಾರೆ. ಆ ನೀಲಿ ಬರುವುದು ಗಾಳಿಯ ಅಣುಗಳಿಂದ ಮತ್ತು ತೀರಾ ಸಣ್ಣ ಕಣಗಳಿಂದ. ಬಯಲುಸೀಮೆಯ ಬೇಸಿಗೆ ಧೂಳಿನ ಕಣ ಅದಕ್ಕಿಂತ ಎಷ್ಟೋ ದಪ್ಪ. ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ, ನೀಲಿಯನ್ನು ಮಾತ್ರ ಸ್ವಲ್ಪ ಹೀರಿಕೊಳ್ಳುತ್ತದೆ. ಅದಕ್ಕೇ ನಮ್ಮ ಕಡೆ ದೂರದ ಬಂಡೆಗುಡ್ಡ ನೀಲಿಯಾಗಲ್ಲ. ಮಾಸಿದ ಪಂಚೆಯ ಬಣ್ಣಕ್ಕೆ ತಿರುಗಿ, ಆಕಾಶದ ಅಂಚಿನಲ್ಲಿ ಕಲೆತುಹೋಗುತ್ತದೆ. ಆಕಾಶವೂ ನೆತ್ತಿಯಲ್ಲಿ ಮಾತ್ರ ತೆಳು ನೀಲಿ, ಕೆಳಗಿಳಿದಂತೆ ಹಾಲಿನ ಬಿಳಿ.

ಧೂಳು ಹಾಕುವಾಗ ಎಲ್ಲರೂ ಮಾಡುವ ತಪ್ಪು ಏನಂದರೆ, ದೃಶ್ಯದ ಸುತ್ತ ಒಂದು ದೊಡ್ಡ ಪೆಟ್ಟಿಗೆ ಇಟ್ಟು `Volume Scatter` ಹಾಕಿ, ಸಾಂದ್ರತೆ `0.01` ಅಂತ ಕೊಡುವುದು. ಅಂಕಿ ಚಿಕ್ಕದಾಗಿ ಕಾಣುತ್ತದೆ, ಆದರೆ ಅದರ ಅರ್ಥ 390 ಮೀಟರ್ ಆಚೆ ಏನೂ ಕಾಣಲ್ಲ ಅಂತ. ಅದು ಮಡಿಕೇರಿಯ ಮಂಜು. ಎಷ್ಟು ದೂರದವರೆಗೆ ಕಾಣಬೇಕು ಅಂತ ಮೊದಲು ತೀರ್ಮಾನಿಸಿ, 3.9ನ್ನು ಆ ದೂರದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಧೂಳಿನ ದಿನಕ್ಕೆ ನಾನು 5 ಕಿಲೋಮೀಟರ್ ಇಟ್ಟುಕೊಂಡೆ. 3.9 ಭಾಗ 5000, ಅಂದರೆ `0.00078`. ಹದಿಮೂರು ಪಟ್ಟು ಕಡಿಮೆ!

ಇಷ್ಟು ತೆಳುವಾದ ಧೂಳಿಗೆ ವಾಲ್ಯೂಮ್ ರೆಂಡರ್ ಮಾಡುತ್ತಾ ಕೂತರೆ ನನ್ನ ಕಂಪ್ಯೂಟರ್ ಒಂದು ಫ್ರೇಮಿಗೆ ಊಟ ಮುಗಿಸಿ ನಿದ್ದೆಯನ್ನೂ ಮಾಡಿ ಏಳುತ್ತಿತ್ತು, ಮೇಲೆ ಚುಕ್ಕೆ ಚುಕ್ಕೆ ಬೇರೆ. ಬಯಲಿನ ಸಮನಾದ ಧೂಳಿಗೆ ಅದು ಬೇಕಾಗಿಲ್ಲ. `Mist` ಪಾಸ್ ಸಾಕು. ವರ್ಲ್ಡ್ ಸೆಟ್ಟಿಂಗಿನಲ್ಲಿ ಮಿಸ್ಟ್ ಶುರು 0, ಆಳ 5000, ಇಳಿಕೆ `Linear`. ಮೊದಲೇ ಇರುವ `Quadratic` ಬಿಟ್ಟರೆ ಹತ್ತಿರದ ಧೂಳಿನ ಲೆಕ್ಕ ತಪ್ಪುತ್ತದೆ. ಈಗ ಪ್ರತಿ ಪಿಕ್ಸೆಲ್ಲಿಗೂ ಸೊನ್ನೆಯಿಂದ ಒಂದರವರೆಗೆ ಒಂದು ಬೆಲೆ ಸಿಗುತ್ತದೆ. ಅದನ್ನು m ಅನ್ನೋಣ. ಕಂಪೋಸಿಟರಿನಲ್ಲಿ ಎರಡು `Math` ನೋಡ್, ಒಂದು `Multiply`, ಒಂದು `Exponent`:

```
T = exp(-3.9 * m)
ಬಣ್ಣ = T * ಚಿತ್ರ + (1 - T) * ಧೂಳು
```

T ಅಂದರೆ ಆ ದೂರದ ವಸ್ತುವಿನ ಸ್ವಂತ ಬಣ್ಣ ಎಷ್ಟು ಉಳಿಯಿತು ಅಂತ. ತಂಗುದಾಣ ಕ್ಯಾಮೆರಾದಿಂದ 20 ಮೀಟರ್, ಶೇಕಡ 98 ಉಳಿಯಿತು, ಧೂಳು ಕಾಣುವುದೇ ಇಲ್ಲ. 800 ಮೀಟರ್ ದೂರದಲ್ಲಿ ಬರುವ ಬಸ್ಸಿಗೆ ಶೇಕಡ 54. ಎರಡು ಕಿಲೋಮೀಟರ್ ಆಚೆಯ ಗುಡ್ಡಕ್ಕೆ ಶೇಕಡ 21 ಮಾತ್ರ. ಇದೇ ಬಯಲುಸೀಮೆ. ಕಾಲಡಿ ಎಲ್ಲ ಚಾಕುವಿನಂತೆ ಚೂಪು, ದೂರದ್ದು ತೊಳೆದ ಹಾಗೆ.

ಧೂಳಿನ ಬಣ್ಣವನ್ನು ಮನಸ್ಸಿಗೆ ಬಂದಂತೆ ಆರಿಸಬೇಡಿ. ಆಕಾಶ ನೆಲಕ್ಕೆ ತಾಗುವ ಕಡೆ, ಅದರ ಸ್ವಲ್ಪ ಮೇಲಿನ ಬಣ್ಣವನ್ನೇ ತೆಗೆದುಕೊಳ್ಳಿ. ಅದಕ್ಕಿಂತ ಕಪ್ಪಾದರೆ ಹೊಗೆ ಆಗುತ್ತದೆ, ಬೆಳ್ಳಗಾದರೆ ಮಂಜು. ಇನ್ನೊಂದು ಕೊಕ್ಕೆ ಇದೆ: ಆಕಾಶದ ಪಿಕ್ಸೆಲ್ಲಿಗೆ m ಬೆಲೆ ಒಂದು. ಹಾಗಾಗಿ ಆಕಾಶವೂ ಪೂರ್ತಿ ಧೂಳಿನ ಬಣ್ಣವಾಗಿ, ನೆತ್ತಿಯವರೆಗೆ ಒಂದೇ ಹಲಗೆ ಹೊಡೆದ ಹಾಗೆ ಕಾಣುತ್ತದೆ. ಆಕಾಶವನ್ನು ಬೇರೆ ರೆಂಡರ್ ಮಾಡಿ, ಧೂಳನ್ನು ನೆಲದ ವಸ್ತುಗಳಿಗೆ ಮಾತ್ರ ಬೆರೆಸಿ, ಆಮೇಲೆ ಹಿಂದೆ ಆಕಾಶ ಇಡಬೇಕು.

ಬಸ್ ಹಿಂದೆ ಏಳುವ ಧೂಳು, ಸುಳಿಗಾಳಿ, ಇವಕ್ಕೆ ಮಾತ್ರ ನಿಜವಾದ ವಾಲ್ಯೂಮ್ ಬೇಕು. ಅದು ಇನ್ನೊಂದು ದಿನದ ಮಾತು.

ಕೊನೆಯದು ಝಳ. ಎಲ್ಲರಿಗೂ ಇದರ ಮೇಲೇ ಆಸೆ, ಎಲ್ಲರೂ ಕೆಡಿಸೋದೂ ಇದನ್ನೇ. ಇಡೀ ಚಿತ್ರ ಕೊಳದ ತಳದಲ್ಲಿ ಇದ್ದ ಹಾಗೆ ಓಲಾಡುತ್ತಿರುತ್ತದೆ.

ಬಿಸಿ ಗಾಳಿ ತೆಳು, ತಂಪು ಗಾಳಿ ದಟ್ಟ. ಎರಡೂ ಕಲಸಿಕೊಂಡ ಕಡೆ ಬೆಳಕು ಚೂರು ಚೂರೇ ಬಾಗುತ್ತದೆ. ಬಾಗುವುದು ಅತಿ ಕಡಿಮೆ. ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು ಅಂತ ಇಟ್ಟುಕೊಳ್ಳಿ. 35 ಎಂಎಂ ಲೆನ್ಸಿನಲ್ಲಿ, 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದು ಅರ್ಧ ಪಿಕ್ಸೆಲ್ಲಿಗಿಂತ ಚೂರು ಜಾಸ್ತಿ, ಅಷ್ಟೇ. ಕಾಣುವುದೇ ಇಲ್ಲ. 200 ಎಂಎಂ ಲೆನ್ಸಿನಲ್ಲಿ ಅದೇ ಮೂರು ಪಿಕ್ಸೆಲ್. ಆದ್ದರಿಂದ ತಂಗುದಾಣ ಪೂರ್ತಿ ಕಾಣುವ ಅಗಲ ಶಾಟಿಗೆ ನಾನು ಝಳ ಹಾಕಲೇ ಇಲ್ಲ. ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆ ನೋಡುವ ಉದ್ದ ಲೆನ್ಸಿನ ಶಾಟಿಗೆ ಮಾತ್ರ ಹಾಕಿದೆ.

`Displace` ನೋಡಿಗೆ ಅಲುಗುವ ನಾಯ್ಸ್ ಕೊಟ್ಟು, ಅದನ್ನು ಮಿಸ್ಟ್ ಬೆಲೆಯಿಂದಲೂ ನೆಲದಿಂದ ಎಷ್ಟು ಎತ್ತರ ಅನ್ನುವುದರಿಂದಲೂ ತಗ್ಗಿಸಿದೆ. ದೂರ ಇದ್ದಷ್ಟೂ ಜಾಸ್ತಿ, ನೆಲಕ್ಕೆ ಹತ್ತಿರ ಇದ್ದಷ್ಟೂ ಜಾಸ್ತಿ. ಬಸ್ಸಿನ ಗಾಲಿ ನಡುಗಬೇಕು, ಮೇಲಿನ ಕ್ಯಾರಿಯರ್ ಹೆಚ್ಚುಕಡಿಮೆ ನಿಂತಿರಬೇಕು. ನಾಯ್ಸಿನಿಂದ ಅರ್ಧ ಕಳೆಯೋದು ಮರೆಯಬೇಡಿ. ಸೊನ್ನೆಯಿಂದ ಒಂದರ ನಡುವಿನ ನಾಯ್ಸ್ ಹಾಗೇ ಕೊಟ್ಟರೆ ಚಿತ್ರ ನಡುಗುವ ಬದಲು ಒಂದು ಕಡೆಗೆ ಸರಿದು ಕೂರುತ್ತದೆ. ನಾನು ಅರ್ಧ ದಿನ ಕ್ಯಾಮೆರಾ ತಪ್ಪಿದೆ ಅಂತ ಹುಡುಕಿದ್ದು ಇದಕ್ಕೇ.

ಇನ್ನು ಬಿಸಿಲ್ಗುದುರೆ. ರಸ್ತೆಯ ಮೇಲೆ ನೀರು ನಿಂತ ಹಾಗೆ ಕಾಣುವುದು ನೀರಲ್ಲ, ತಲೆಕೆಳಗಾದ ಆಕಾಶ. ಅದು ಎಲ್ಲಿ ಶುರುವಾಗಬೇಕು? ಮೇಲಿನ ಗಾಳಿ 40 ಡಿಗ್ರಿ, ಡಾಂಬರಿಗೆ ತಾಗಿದ ಗಾಳಿ 60 ಡಿಗ್ರಿ ಅಂತ ಹಿಡಿದರೆ, ಬೆಳಕು ಆ ಪದರಕ್ಕೆ ಡಿಗ್ರಿಯ ಮೂರನೇ ಒಂದು ಪಾಲಿಗಿಂತ ಕಡಿಮೆ ಓರೆಯಲ್ಲಿ ಬಂದಾಗ ಮಾತ್ರ ಮೇಲಕ್ಕೆ ತಿರುಗುತ್ತದೆ. ಅಷ್ಟು ಓರೆ ಸಿಗುವುದು ಕ್ಯಾಮೆರಾ ಎತ್ತರದ ಸುಮಾರು 180 ಪಟ್ಟು ದೂರದಲ್ಲಿ. ಕ್ಯಾಮೆರಾ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 270 ಮೀಟರ್ ಆಚೆ. ನೆಲದಿಂದ ಒಂದಡಿ ಮೇಲಿಟ್ಟರೆ 55 ಮೀಟರ್ ಆಚೆಯೇ. ಸಿನಿಮಾದವರು ಇಂಥ ಶಾಟಿಗೆ ಕ್ಯಾಮೆರಾ ನೆಲಕ್ಕೆ ಇಳಿಸೋದು ಸುಮ್ನೆ ಅಲ್ಲ. ಹತ್ತಿರ ಹೋದಂತೆ ಅದು ದೂರ ಓಡುವುದೂ ಇದಕ್ಕೇ, ನಿಮ್ಮ ಕಣ್ಣಿನ ಎತ್ತರ ಬದಲಾಗಲ್ಲವಲ್ಲ.

ನಾನು ರಸ್ತೆಯ ಮೆಟೀರಿಯಲ್‌ನಲ್ಲಿ `Camera Data` ನೋಡಿನ `View Distance` ತೆಗೆದುಕೊಂಡು, 250ರಿಂದ 300 ಮೀಟರಿನ ನಡುವೆ ಡಾಂಬರು ಮೆಲ್ಲಗೆ ಕನ್ನಡಿಯಾಗುವಂತೆ ಮಾಡಿದೆ. ಅದರ ಮೇಲೆ ಝಳ. ಬಸ್ಸು 800 ಮೀಟರ್ ದೂರದಲ್ಲಿ ಬರುವಾಗ ಗಾಲಿಗಳು ಕಾಣಲಿಲ್ಲ, ಕೆಳಗೆ ಇನ್ನೊಂದು ತಲೆಕೆಳಗಾದ ಬಸ್ಸು ಕುಣಿಯಿತು. ರಸ್ತೆ ಸಪಾಟಾಗಿ, ನೇರವಾಗಿ ಇದ್ದರೆ ಮಾತ್ರ ಈ ಲೆಕ್ಕ. ಏರು ಇದ್ದರೆ ಏರಿನ ಮೇಲೆ ಹತ್ತಿರದಲ್ಲೇ ಕಾಣಬಹುದು.

ಒಬ್ಬರು ಕೇಳಿದರು: ಹಾಗಾದರೆ ಹಳದಿ ಬಳಸಲೇ ಬಾರದಾ ಸರ್? ಬಳಸಿ, ಧೂಳಿನ ಬಣ್ಣದಲ್ಲಿ ಒಂಚೂರು ಇದ್ದೇ ಇರುತ್ತದೆ. ಅದು ದೂರದ್ದಕ್ಕೆ ಮಾತ್ರ ತಾಗುತ್ತದೆ. ಮುದುಕನ ಬಿಳಿ ಅಂಗಿ ಬಿಸಿಲಲ್ಲಿ ಬಿಳಿಯಾಗಿಯೇ ಇರಲಿ. ಅಂಗಿ ಹಳದಿಯಾದರೆ ಎಲ್ಲೋ ಲೆಕ್ಕ ತಪ್ಪಿದೆ ಅಂತ ತಿಳಿಯಿರಿ.

ಇನ್ನೊಬ್ಬರು ಮಾವ ಆಮೇಲೆ ಏನಂದರು ಅಂತ ಕೇಳುತ್ತಿದ್ದಾರೆ. ತೋರಿಸಿದೆ. ಎರಡು ಸಲ ನೋಡಿದರು. ಬಿಸಿಲಿನ ಬಗ್ಗೆ ಏನೂ ಹೇಳಲಿಲ್ಲ. ತೆರೆಯ ಮೂಲೆಗೆ ಬೆರಳು ಇಟ್ಟರು. ಅಲ್ಲಿ ರಸ್ತೆ ಪಕ್ಕ ಒಂದು ನಾಯಿ ಮಲಗಿಸಿದ್ದೆ, ಖಾಲಿ ಕಾಣಬಾರದು ಅಂತ.

"ಎಲ್ಲಾ ಬರೋಬ್ಬರಿ ಆಗ್ಯದ. ಆದ್ರ ಈ ನಾಯಿ ಯಾಕ ಬಿಸಲಾಗ ಮಕ್ಕೊಂಡದ? ಅದಕ್ಕೇನು ಹುಚ್ಚೇನು?"

ನಾಯಿಯನ್ನು ತಂಗುದಾಣದ ಬೆಂಚಿನ ಕೆಳಗೆ ಹಾಕಿ, ಮತ್ತೆ 240 ಫ್ರೇಮ್ ರೆಂಡರಿಗೆ ಬಿಟ್ಟೆ.